ಬಿಸ್ಕೆಟ್ ಡಬ್ಬಿಯಲ್ಲಿದ್ದ ಪಾಲಿಸಿ

ಡೊಂಬಿವಲಿಯ ಆ ಕಿರಾಣಿ ಅಂಗಡಿ ಶೆಟ್ರ ಬಗ್ಗೆ ನಮ್ಮಂಥ ವಿಮಾ ಏಜೆಂಟರ ಮೇಲಿನ ಡೆವಲಪ್‌ಮೆಂಟ್ ಆಫೀಸರ್ ಮೊದಲೇ ಹೇಳಿದ್ದರು: "ಅಲ್ಲಿ ಚಪ್ಪಲಿ ಸವೆಸಬೇಡ." ಐದು ತಿಂಗಳಲ್ಲಿ ಅದೇ ಶೆಟ್ರ ಪ್ರಪೋಸಲ್ ಫಾರಂ ಆಫೀಸರ್ ಮೇಜಿನ ಮೇಲಿಟ್ಟೆ. ಸ್ವಲ್ಪ ಕೊಚ್ಚಿಕೊಂಡರೆ ತಪ್ಪಿಲ್ಲ ಅಲ್ವಾ?

ಮೊದಲ ಸಲ ಹೋಗಿದ್ದು ಬೆಳಿಗ್ಗೆ ಹನ್ನೊಂದಕ್ಕೆ, ಗಿರಾಕಿ ತುಂಬಿದ ಹೊತ್ತಲ್ಲಿ. ಅಲ್ಲೇ ಕೆಟ್ಟಿತು. ನಾನು ಕೊಟ್ಟ ಬ್ರೋಷರ್ ಹರಿದು, ನನ್ನೆದುರೇ ಯಾರಿಗೋ ಜೀರಿಗೆ ಕಟ್ಟಿಕೊಟ್ಟರು. ಎರಡನೇ ಸಲ ಕ್ಯಾಲೆಂಡರ್ ಒಯ್ದೆ. "ಗೋಡೆಯಲ್ಲಿ ಮೊಳೆ ಇಲ್ಲ ಮಾರಾಯ" ಎಂದರು. ಆ ಬೀದಿಗೆಲ್ಲ ಇಪ್ಪತ್ತು ಕ್ಯಾಲೆಂಡರ್ ಹಂಚಿದ್ದೆ, ಜೇಬಿನಿಂದ ಎಂಟುನೂರೋ ಏನೋ ಹೋಯಿತು. ಒಂದು ಪಾಲಿಸಿಯೂ ಹುಟ್ಟಲಿಲ್ಲ. ಸುಮ್ನೆ ದಂಡ.

ಮೂರನೇ ಸಲದಿಂದ ಮಧ್ಯಾಹ್ನ ಮೂರಕ್ಕೆ, ಬ್ಯಾಗ್ ಇಲ್ಲದೆ ಹೋದೆ. ಚಹಾ ಕುಡಿದು, ಕುಂದಾಪುರದ ಮಳೆ ಮಾತಾಡಿ ಎದ್ದು ಬಂದೆ. ನಾಲ್ಕನೇ ಸಲ ಒಂದೇ ಪ್ರಶ್ನೆ ಕೇಳಿದೆ. ಏನು ಕೇಳಿದೆ ಅಂತ ಇಲ್ಲಿ ಹೇಳುವುದಿಲ್ಲ, ಅದು ನನ್ನ ಅನ್ನ. ಶೆಟ್ರು ಗಲ್ಲಾದ ಕೆಳಗಿನಿಂದ ತುಕ್ಕು ಹಿಡಿದ ಬಿಸ್ಕೆಟ್ ಡಬ್ಬಿ ತೆಗೆದರು. ಒಳಗೆ 2006ರ ಪಾಲಿಸಿ ಬಾಂಡ್, ಮಡಿಕೆಯಲ್ಲಿ ಹರಿದಿತ್ತು. "ಐದು ವರ್ಷ ಕಟ್ಟಿದೆ. ಏಜೆಂಟ್ ನಾಪತ್ತೆ. ಆಮೇಲೆ ಬಿಟ್ಟೆ. ದುಡ್ಡು ನೀರಿಗೆ ಬಿತ್ತು."

ಅಂಥ ಹಳೇ ಪಾಲಿಸಿ ಮೂರು ವರ್ಷ ಕಟ್ಟಿದ್ದರೆ ಪೂರ್ತಿ ಸಾಯುವುದಿಲ್ಲ, ಕಟ್ಟಿದಷ್ಟಕ್ಕೆ ತಕ್ಕ ಮೊತ್ತಕ್ಕೆ ಇಳಿದು ಪೇಯ್ಡ್-ಅಪ್ ಆಗಿ ಉಳಿದಿರುತ್ತದೆ ಅಂತ ನಿಮಗೆ ಗೊತ್ತು. ಶೆಟ್ರಿಗೆ ಯಾರೂ ಹೇಳಿರಲಿಲ್ಲ. ರಟ್ಟಿನ ತುಂಡಿನ ಮೇಲೆ ಲೆಕ್ಕ ಬರೆದೆ: ವಿಮಾ ಮೊತ್ತ 2 ಲಕ್ಷ, 20 ಕಂತಿನಲ್ಲಿ 5 ಕಟ್ಟಿದ್ದಾರೆ, ಅಂದರೆ ಕಾಲು ಭಾಗ, 50 ಸಾವಿರ. ಆ ಐದು ವರ್ಷದ ಬೋನಸ್ ಬೇರೆ. ಎಲ್ಲ ಸಿಗುವುದು ಅವಧಿ ಮುಗಿದಾಗ.

ಅವರು ನಂಬಲಿಲ್ಲ. ನಂಬಿ ಎಂದು ನಾನೂ ಹೇಳಲಿಲ್ಲ. ಅವರ ಸಹಿಯ ಅರ್ಜಿ ಹಿಡಿದು ಬ್ರಾಂಚಿಗೆ ಹೋದೆ. ಬಾಂಡ್ ಬೇರೆ ಬ್ರಾಂಚಿನದ್ದು, ಎರಡು ದಿನ ಅಲೆದಾಟ. ಸ್ಟೇಟಸ್ ಕಾಗದ ಬಂದಾಗ ಇನ್ನೊಂದು ವಿಷಯ ಕಂಡಿತು. ನಾಮಿನಿ ಅಂತ ಇದ್ದದ್ದು ಅವರ ತಾಯಿ, ತೀರಿಕೊಂಡು ಎಷ್ಟೋ ವರ್ಷ. ಹೆಂಡತಿಯ ಹೆಸರಿಗೆ ಬದಲಿಸುವ ಫಾರಂ ತುಂಬಿಸಿದೆ. ಇದರಲ್ಲಿ ನನಗೆ ಒಂದು ಪೈಸೆ ಕಮಿಷನ್ ಇಲ್ಲ. ರೈಲು, ರಿಕ್ಷಾ ಸೇರಿ ಐನೂರರ ಹತ್ತಿರ ಖರ್ಚು.

ಆರನೇ ಸಲ ಶೆಟ್ರೇ ಮಾತೆತ್ತಿದರು. "ಹೊಸದೊಂದು ಮಾಡುವ. ಕಮಿಷನ್‌ನಲ್ಲಿ ಅರ್ಧ ನನಗೆ ಬಿಡು, ಎಲ್ಲರೂ ಬಿಡ್ತಾರೆ."

ಆ ತಿಂಗಳು ರೂಮಿನ ಬಾಡಿಗೆಯೇ ಬಾಕಿ. ಆದರೂ ಹೇಳಿದೆ: "ಆಗೂದಿಲ್ಲ ಶೆಟ್ರೇ. ವಿಮಾ ಕಾಯ್ದೆಯ ಸೆಕ್ಷನ್ 41, ಕಮಿಷನ್ ಬಿಟ್ಟುಕೊಟ್ಟರೆ ಹತ್ತು ಲಕ್ಷದವರೆಗೆ ದಂಡ. ನಿಮ್ಮ ಉದ್ರಿ ಪುಸ್ತಕದಲ್ಲೂ ಅಷ್ಟು ಹಿಡಿಯಲಿಕ್ಕಿಲ್ಲ."

ಮೊದಲ ಸಲ ನಕ್ಕರು. ಮತ್ತೆ ಹದಿನೈದು ದಿನ ಸುದ್ದಿಯಿಲ್ಲ, ಕೈತಪ್ಪಿತು ಅಂದುಕೊಂಡೆ. ಆಮೇಲೆ ಫೋನ್ ಬಂತು. ವರ್ಷಕ್ಕೆ ಸುಮಾರು 22 ಸಾವಿರದ ಕಂತು. "ಚೆಕ್ ಕಂಪನಿ ಹೆಸರಿಗೆ, ನಿನ್ನ ಕೈಗೆ ನಗದು ಇಲ್ಲ" ಎಂದರು. ನಾನೇ ಹೇಳಬೇಕೆಂದಿದ್ದ ಮಾತು. ಬಾಂಡ್ ಬಂದ ದಿನ ಅದೂ ಡಬ್ಬಿಯೊಳಗೇ ಹೋಯಿತು. ಒಂದು ಝೆರಾಕ್ಸ್ ಮಾತ್ರ ಹಟ ಮಾಡಿ ಅವರ ಮನೆಯವರ ಕೈಗೆ ಕೊಡಿಸಿದೆ.