ನ್ಯೂಯಾರ್ಕ್‌ನಲ್ಲಿ ಒಂಬತ್ತು ಹೊಡೆದಾಗ ನೀವು ಸಿಗುತ್ತೀರಾ?
ರಿಮೋಟ್ ಕೆಲಸಕ್ಕೆ ಕವರ್ ಈಮೇಲ್ ಬರೆಯುವುದು ಹೀಗೆ

ಗೆಳತಿಯೊಬ್ಬಳು ತನ್ನ ಕವರ್ ಈಮೇಲ್ ಕಳಿಸಿ, ಒಮ್ಮೆ ಓದಿ ನೋಡು ಎಂದಳು. ನ್ಯೂಯಾರ್ಕ್‌ನ ಒಂದು ಸಾಫ್ಟ್‌ವೇರ್ ತಂಡಕ್ಕೆ, ಗ್ರಾಹಕರಿಗಾಗಿ ಸಹಾಯ ಪುಟಗಳನ್ನು ಬರೆಯುವ ಕೆಲಸ. ಪೂರ್ತಿ ಮನೆಯಿಂದಲೇ. ಜಾಹೀರಾತಿನಲ್ಲಿ ಒಂದು ಸಾಲಿತ್ತು: ತಂಡದ ಜೊತೆ ದಿನಕ್ಕೆ ಕನಿಷ್ಠ 4 ಗಂಟೆ ಓವರ್‌ಲ್ಯಾಪ್ ಬೇಕು. ಅಂದರೆ ಎರಡೂ ಕಡೆಯವರು ಒಟ್ಟಿಗೆ ಕೆಲಸದಲ್ಲಿರುವ ಹೊತ್ತು ಅಷ್ಟಾದರೂ ಇರಬೇಕು. ಅದಕ್ಕೆ ಇವಳ ಉತ್ತರ: “ನಾನು ಯಾವ ಸಮಯಕ್ಕೂ ಹೊಂದಿಕೊಳ್ಳುತ್ತೇನೆ.”

ಇದನ್ನು ಓದಿದವರಿಗೆ ಒಂದೇ ವಿಷಯ ಗೊತ್ತಾಗುತ್ತದೆ. ಇವಳು ಲೆಕ್ಕ ಹಾಕಿಲ್ಲ.

ಹಾಗಾಗಿ ಮೊದಲ ಕೆಲಸ, ಕಾಗದದ ಮೇಲೆ ಲೆಕ್ಕ. ಎಲ್ಲ ದೇಶಗಳ ಸಮಯವನ್ನೂ ಅಳೆಯುವ ಜಾಗತಿಕ ಸಮಯಕ್ಕೆ ಯುಟಿಸಿ ಎನ್ನುತ್ತಾರೆ. ಗೆಳತಿಯ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೇಸಿಗೆಯಲ್ಲಿ ನ್ಯೂಯಾರ್ಕ್ ಯುಟಿಸಿಗಿಂತ 4 ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ 9 ಎಂದರೆ ಇವಳಿಗೆ ಸಂಜೆ 6:30. ಮಧ್ಯಾಹ್ನ 2ರಿಂದ ರಾತ್ರಿ 10:30ರವರೆಗೆ ಕೂತರೆ ಸರಿಯಾಗಿ 4 ಗಂಟೆ ಸಿಗುತ್ತದೆ. ಇಲ್ಲಿಗೆ ನಿಲ್ಲಿಸಿದರೆ ಕೆಟ್ಟಿರಿ. ನವೆಂಬರ್‌ನ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಆಮೇಲೆ ಅಲ್ಲಿಯ 9 ಗಂಟೆ ಇವಳಿಗೆ ಸಂಜೆ 7:30. ಅದೇ ಪಾಳಿಯಲ್ಲಿ ಈಗ ಸಿಗುವುದು 3 ಗಂಟೆ ಮಾತ್ರ. ಜುಲೈಯಲ್ಲಿ ಕೊಟ್ಟ ಮಾತು ನವೆಂಬರ್‌ನಲ್ಲಿ ತಾನಾಗಿಯೇ ಮುರಿಯುತ್ತದೆ. ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮತ್ತೆ ಮುಂದಕ್ಕೆ ಹೋಗುವವರೆಗೂ ಇದೇ ಕಥೆ. ಯುರೋಪಿನ ತಂಡವಾದರೆ ಈ ದಿನಗಳೇ ಬೇರೆ: ಮಾರ್ಚ್‌ನ ಕೊನೆಯ ಭಾನುವಾರ, ಅಕ್ಟೋಬರ್‌ನ ಕೊನೆಯ ಭಾನುವಾರ.

ಪರಿಹಾರ ಕಷ್ಟವೇನಲ್ಲ. ಚಳಿಗಾಲದಲ್ಲಿ ಇವಳ ದಿನವೂ ಒಂದು ಗಂಟೆ ಮುಂದಕ್ಕೆ ಜರುಗಬೇಕು, ಮಧ್ಯಾಹ್ನ 3ರಿಂದ ರಾತ್ರಿ 11:30. ಮಾತು ಕೊಡುವ ಮೊದಲು ಒಂದು ವಾರ ಹಾಗೆ ಕೂತು ನೋಡು ಎಂದೆ. ನಾಲ್ಕನೇ ದಿನಕ್ಕೇ ಕಣ್ಣು ಎಳೆಯುತ್ತಿದ್ದರೆ ಆ ಕೆಲಸ ಬೇಡ, ಅಲ್ವಾ?

ಈಮೇಲ್‌ನಲ್ಲಿ ಈ ಲೆಕ್ಕವನ್ನೆಲ್ಲ ಸುರಿಯಬೇಕಿಲ್ಲ. ಸಮಯವನ್ನು ಅವರ ಗಡಿಯಾರದಲ್ಲಿ ಬರೆದರೆ ಸಾಕು: “ವರ್ಷವಿಡೀ, ನ್ಯೂಯಾರ್ಕ್ ಸಮಯ ಬೆಳಿಗ್ಗೆ 9ರಿಂದ ಮಧ್ಯಾಹ್ನ 1.” ನಿಮ್ಮ ಸಮಯವನ್ನೂ ಹೇಳಬೇಕೆನಿಸಿದರೆ ಯುಟಿಸಿ +5:30 ಎಂದೇ ಬರೆಯಿರಿ. ಐಎಸ್‌ಟಿ ಎಂದು ಮಾತ್ರ ಬೇಡ. ಆ ಮೂರು ಅಕ್ಷರ ಭಾರತಕ್ಕೂ ಆಗುತ್ತದೆ, ಇಸ್ರೇಲಿಗೂ ಆಗುತ್ತದೆ, ಐರ್ಲೆಂಡಿನ ಬೇಸಿಗೆ ಸಮಯಕ್ಕೂ ಆಗುತ್ತದೆ.

ಜಾಹೀರಾತಿನಲ್ಲಿ “ರಿಮೋಟ್, ಅಮೆರಿಕದಲ್ಲಿ ಇರುವವರಿಗೆ ಮಾತ್ರ” ಎಂದಿದ್ದರೆ ಅದು ಬೇರೆಯೇ ಮಾತು. ಅಲ್ಲಿ ಸಾಮಾನ್ಯವಾಗಿ ಅಡ್ಡ ಬರುವುದು ತೆರಿಗೆ ಮತ್ತು ಉದ್ಯೋಗದ ಕಾನೂನು. ರಾತ್ರಿಯಿಡೀ ಕೂರುತ್ತೇನೆ ಎಂದರೂ ಅದು ಬದಲಾಗುವುದಿಲ್ಲ.

ಎರಡನೆಯದು, ಒಬ್ಬರೇ ಇರುವ ಹೊತ್ತು. ಗೆಳತಿ ಮಧ್ಯಾಹ್ನ 2ಕ್ಕೆ ಶುರು ಮಾಡಿದರೆ ಸಂಜೆ 6:30ರವರೆಗೆ ಆ ಕಡೆ ಯಾರೂ ಕೆಲಸಕ್ಕೆ ಬಂದಿರುವುದಿಲ್ಲ. ನಾಲ್ಕೂವರೆ ಗಂಟೆ. ಈ ಮಧ್ಯೆ ಸಿಕ್ಕಿಹಾಕಿಕೊಂಡರೆ ಏನು ಮಾಡುತ್ತಾಳೆ? ಓದುವವರಿಗೆ ಬೇಕಾದದ್ದು ಇದಕ್ಕೆ ಉತ್ತರ. ಅವಳು ಬರೆದದ್ದು “ನಾನು ಸ್ವಪ್ರೇರಿತಳು, ಶಿಸ್ತಿನವಳು” ಎಂದು. ಇದನ್ನು ಯಾರು ಬೇಕಾದರೂ ಬರೆಯಬಹುದು. ನಾನು ಆ ಸಾಲು ಹೊಡೆದುಹಾಕಿ ಕೇಳಿದೆ: ಹಳೆಯ ಕೆಲಸದಲ್ಲಿ ಕೇಳಲು ಯಾರೂ ಇಲ್ಲದ ದಿನ ಏನಾಯಿತು, ಹೇಳು.

ಅವಳಿಗೆ ಒಂದು ಘಟನೆ ನೆನಪಾಯಿತು. ಹೊಸ ಆವೃತ್ತಿ ಬಿಡುಗಡೆಯಾಗುವ ದಿನ. ಒಂದು ಬಟನ್‌ನ ಹೆಸರು ಪರದೆಯ ಮೇಲೆ ಒಂದು, ಟಿಪ್ಪಣಿಯಲ್ಲಿ ಇನ್ನೊಂದು. ಗೊತ್ತಿದ್ದ ಎಂಜಿನಿಯರ್ ಮಲಗಿದ್ದರು. ಅವಳು ಪರದೆಯ ಹೆಸರನ್ನೇ ಇಟ್ಟು ಪುಟ ಬರೆದಳು, ಅನುಮಾನದ ಜಾಗಕ್ಕೆ ಗುರುತು ಹಾಕಿದಳು, ಎರಡೂ ಹೆಸರನ್ನು ಟಿಕೆಟ್‌ನಲ್ಲಿ, ಅಂದರೆ ತಂಡದ ಕೆಲಸಗಳ ಪಟ್ಟಿಯ ನಮೂದಿನಲ್ಲಿ, ಬರೆದು “ಯಾವುದು ಸರಿ?” ಎಂದು ಕೇಳಿದಳು. ಆಮೇಲೆ ಮುಂದಿನ ಪುಟಕ್ಕೆ ಹೋದಳು. ಎಂಜಿನಿಯರ್ ಎದ್ದು ಒಂದೇ ಪದದಲ್ಲಿ ಉತ್ತರಿಸಿದರು. ಪುಟ ಅಂದೇ ಹೊರಬಂತು. ಶಿಸ್ತು ಎಂಬ ಪದವೇ ಬೇಕಾಗಲಿಲ್ಲ. ಹಿಂದೆ ರಿಮೋಟ್ ಕೆಲಸ ಮಾಡಿಲ್ಲವೇ? ಮೇಲಿನವರು ರಜೆಯಲ್ಲಿದ್ದ ಒಂದು ವಾರದ ಘಟನೆಯೂ ಆಗುತ್ತದೆ. ಆದರೆ ಆಗ ನೀವು ತೆಗೆದುಕೊಂಡ ತೀರ್ಮಾನ ತಪ್ಪಾಗಿದ್ದರೂ ಸುಲಭವಾಗಿ ತಿದ್ದುವಂತಿತ್ತು ಎಂಬುದು ಅದರಲ್ಲಿ ಕಾಣಲಿ. ಇಲ್ಲದಿದ್ದರೆ ಹೇಳದೆ ಕೇಳದೆ ಏನಾದರೂ ಮಾಡಿಬಿಡುವವರು ಎಂಬ ಭಯ ಹುಟ್ಟುತ್ತದೆ.

ಟೂಲ್‌ಗಳ ವಿಷಯಕ್ಕೆ ಜಾಸ್ತಿ ಜಾಗ ಬೇಡ. ಸ್ಲ್ಯಾಕ್, ಜೂಮ್, ಜೀರಾ ಎಂದು ಸುಮ್ನೆ ಸಾಲಾಗಿ ಪೋಣಿಸಿದರೆ ಅದು ರೆಸ್ಯೂಮೆಯ ತುಂಡು. ಯಾವ ವಿಷಯವನ್ನು ಎಲ್ಲಿ ಹಾಕುತ್ತೀರಿ ಎಂದು ಹೇಳಿ. ಚಾಟ್‌ನಲ್ಲಿ ಆದ ತೀರ್ಮಾನ ಮರುದಿನಕ್ಕೆ ನೂರು ಮೆಸೇಜ್‌ಗಳ ಕೆಳಗೆ ಹೂತುಹೋಗಿರುತ್ತದೆ. ಅದನ್ನು ಟಿಕೆಟ್‌ನಲ್ಲಿ ಬರೆದಿಡುವವರು ಬೇರೆ ಟೈಮ್ ಝೋನ್‌ನ ತಂಡಕ್ಕೆ ಬೇಕು. ಜಾಹೀರಾತಿನಲ್ಲಿ ಹೆಸರಿಸಿದ ಟೂಲ್ ನಿಮಗೆ ಗೊತ್ತಿಲ್ಲದಿದ್ದರೆ, ಅದೇ ಕೆಲಸಕ್ಕೆ ನೀವು ಬಳಸಿದ್ದು ಯಾವುದು ಎಂದು ಬರೆಯಿರಿ.

ಕೊನೆಗೆ ಅವಳ ಈಮೇಲ್ ಹೀಗಾಯಿತು. ಅವಳು ಇಂಗ್ಲಿಷಿನಲ್ಲಿ ಕಳಿಸಿದಳು, ಸಾಲುಗಳು ಇವೇ.

ವಿಷಯ: ಸಹಾಯ ಪುಟಗಳ ಲೇಖಕಿ ಹುದ್ದೆ – ನ್ಯೂಯಾರ್ಕ್ ಸಮಯ 9ರಿಂದ 1, ಪ್ರತಿದಿನ

“ನಮಸ್ಕಾರ. ಸಹಾಯ ಪುಟಗಳ ಲೇಖಕಿ ಹುದ್ದೆಗೆ ಅರ್ಜಿ ಹಾಕುತ್ತಿದ್ದೇನೆ. ಇದೇ ಕೆಲಸದಲ್ಲಿ ನನಗೆ 4 ವರ್ಷದ ಅನುಭವವಿದೆ.

ನೀವು ಕೇಳಿದ 4 ಗಂಟೆ ಓವರ್‌ಲ್ಯಾಪ್: ವರ್ಷವಿಡೀ, ನ್ಯೂಯಾರ್ಕ್ ಸಮಯ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಕರೆಗೂ ಚಾಟ್‌ಗೂ ಸಿಗುತ್ತೇನೆ. ನವೆಂಬರ್‌ನಲ್ಲಿ ನಿಮ್ಮ ಗಡಿಯಾರ ಬದಲಾದಾಗ ನನ್ನ ದಿನವನ್ನೂ ಒಂದು ಗಂಟೆ ಮುಂದಕ್ಕೆ ಹಾಕಿಕೊಳ್ಳುತ್ತೇನೆ.

ಉಳಿದ ಹೊತ್ತು ಒಬ್ಬಳೇ ಕೆಲಸ ಮಾಡಿ ರೂಢಿಯಿದೆ. ಕಳೆದ ಬಿಡುಗಡೆಯ ದಿನ ಒಂದು ಬಟನ್‌ನ ಹೆಸರು ಎರಡು ಕಡೆ ಬೇರೆಯಾಗಿತ್ತು. ಉತ್ತರಿಸುವವರು ಮಲಗಿದ್ದರು. ಪರದೆಯ ಹೆಸರಿನಿಂದ ಪುಟ ಮುಗಿಸಿ, ಗುರುತು ಹಾಕಿ, ಪ್ರಶ್ನೆಯನ್ನು ಟಿಕೆಟ್‌ನಲ್ಲಿ ಇಟ್ಟೆ. ಪುಟ ಅಂದೇ ಹೊರಬಂತು.

ತೀರ್ಮಾನಗಳನ್ನು ಜೀರಾ ಟಿಕೆಟ್‌ನಲ್ಲಿ ಬರೆದಿಡುತ್ತೇನೆ, ತುರ್ತಿಗೆ ಮಾತ್ರ ಸ್ಲ್ಯಾಕ್. ದಿನದ ಕೊನೆಗೆ ಆದದ್ದು, ಉಳಿದದ್ದು, ನಿಮ್ಮಿಂದ ಬೇಕಾದದ್ದು ಮೂರು ಸಾಲಿನಲ್ಲಿ ಇರುತ್ತದೆ.

ಬರೆದ ಎರಡು ಪುಟಗಳ ಲಿಂಕ್ ಕೆಳಗಿದೆ.”

ಮೊಬೈಲ್‌ನಲ್ಲಿ ಎರಡು ಸಲ ಬೆರಳಾಡಿಸಿದರೆ ಮುಗಿಯುವಷ್ಟು ಉದ್ದ. ಇದಕ್ಕಿಂತ ಹೆಚ್ಚು ಬೇಡ. ವಿಷಯದ ಸಾಲಿನಲ್ಲಿ ಸಮಯ ಹಾಕುವುದು ಕೆಲವರಿಗೆ ಇಷ್ಟವಾಗದಿರಬಹುದು. ನನಗೆ ಇಷ್ಟ. ತೆರೆಯುವ ಮೊದಲೇ ಮೊದಲ ಪ್ರಶ್ನೆ ಮುಗಿದಿರುತ್ತದೆ.

ಉತ್ತರ ಬಂದಾಗಲೂ ಗಡಿಯಾರದ ಮೇಲೆ ಕಣ್ಣಿರಲಿ. “ಗುರುವಾರ 10 ಗಂಟೆ, ಇಎಸ್‌ಟಿ” ಎಂದು ಜುಲೈಯಲ್ಲಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಇಎಸ್‌ಟಿ ಎಂಬುದು ನ್ಯೂಯಾರ್ಕ್ ಸಮಯಕ್ಕೆ ಚಳಿಗಾಲದಲ್ಲಿರುವ ಹೆಸರು. ಅಕ್ಷರಶಃ ಲೆಕ್ಕ ಹಾಕಿದರೆ ಗೆಳತಿಗೆ ರಾತ್ರಿ 8:30, ಅವರ ಮನಸ್ಸಿನಲ್ಲಿರುವುದು ಬಹುಶಃ ಬೇಸಿಗೆಯ 10 ಗಂಟೆ, ಅಂದರೆ 7:30. ಅವಳು ಹೀಗೆ ಉತ್ತರಿಸಿದಳು: “ಗುರುವಾರ, ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 10, ನನಗೆ ಸಂಜೆ 7:30. ಸರಿಯೇ?”