ಬಸುರಿನಲ್ಲಿ ಹೊಟ್ಟೆ ಕಟ್ಟಿದಾಗ ನಾನು ಮಾಡಿದ ಎಡವಟ್ಟು

ನಾನು ಉಡುಪಿಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್. "ಸೊಪ್ಪು ತಿನ್ನಿ, ನೀರು ಕುಡಿಯಿರಿ" ಎಂದು ಬಸುರಿಯರಿಗೆ ದಿನಾ ಹೇಳುವವಳು. ನಾನೇ ಬಸುರಿಯಾಗಿ 4ನೇ ತಿಂಗಳಿಗೆ ಕಾಲಿಟ್ಟಾಗ ಹೊಟ್ಟೆ ಕಟ್ಟಿತು. ನಾಲ್ಕು ದಿನಕ್ಕೊಮ್ಮೆ ಮೋಷನ್, ಅದೂ ಆಡಿನ ಹಿಕ್ಕೆಯ ಹಾಗೆ. ಸಂಜೆ ಡ್ಯೂಟಿ ಮುಗಿಯುವಾಗ ಚೂಡಿದಾರದ ಲಾಡಿ ಸಡಿಲಿಸದೆ ಕೂರಲು ಆಗುತ್ತಿರಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಬಸುರಿನಲ್ಲಿ ಏರುವ ಪ್ರೊಜೆಸ್ಟರಾನ್ ಹಾರ್ಮೋನು ಗರ್ಭಕೋಶ ಹೊತ್ತಿಗೆ ಮೊದಲೇ ಹಿಂಡಿಕೊಳ್ಳದಂತೆ ಅದರ ಸ್ನಾಯುವನ್ನು ಸಡಿಲವಾಗಿಡುತ್ತದೆ. ಕರುಳಿನ ಗೋಡೆಯಲ್ಲಿರುವುದೂ ಅದೇ ಜಾತಿಯ ಸ್ನಾಯು. ಹಾಗಾಗಿ ಅದೂ ಸೋಮಾರಿಯಾಗುತ್ತದೆ. ತಿಂದದ್ದು ದೊಡ್ಡ ಕರುಳಿನಲ್ಲಿ ಜಾಸ್ತಿ ಹೊತ್ತು ಕೂತಷ್ಟೂ ಕರುಳು ಅದರ ನೀರು ಹೀರಿಕೊಳ್ಳುತ್ತದೆ, ಮಲ ಗಟ್ಟಿಯಾಗುತ್ತದೆ. ಅಲ್ಲೇ ಹುಳಿತು ಗಾಳಿಯೂ ತುಂಬುತ್ತದೆ. ಸಾಲದ್ದಕ್ಕೆ ಆಗಷ್ಟೇ ಕಬ್ಬಿಣದ ಮಾತ್ರೆ ಶುರುವಾಗಿತ್ತು. ಅದು ಹಲವರಿಗೆ ಹೊಟ್ಟೆ ಕಟ್ಟಿಸುತ್ತದೆ, ಮಲ ಕಪ್ಪಾಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಅವಸರ ಮಾಡಿದೆ. ಒಂದೇ ವಾರದಲ್ಲಿ ಮಧ್ಯಾಹ್ನ ಕಡ್ಲೆ ಗಸಿ, ರಾತ್ರಿ ಬಾಳೆದಿಂಡಿನ ಪಲ್ಯ, ಮಲಗುವ ಮುಂಚೆ ಎರಡು ದೊಡ್ಡ ಚಮಚ ಇಸಬ್ಗೋಲ್. ಅದನ್ನು ಅರ್ಧ ಲೋಟ ನೀರಿಗೆ ಹಾಕಿ ಗಟಗಟ ಕುಡಿದು ಮಲಗುತ್ತಿದ್ದೆ. ಮೂರನೇ ದಿನ ಹೊಟ್ಟೆ ಚೆಂಡೆಯಾಗಿತ್ತು! ಮೋಷನ್ ಮಾತ್ರ ಇಲ್ಲ. ಇಸಬ್ಗೋಲ್ ನೀರು ಹೀರಿ ಉಬ್ಬುವ ವಸ್ತು. ನೀರು ಸಾಕಷ್ಟು ಕೊಡದಿದ್ದರೆ ನಿಧಾನದ ಕರುಳಿನಲ್ಲಿ ಅದೇ ಒಂದು ಮುದ್ದೆಯಾಗಿ ಕೂರುತ್ತದೆ. ಮೇಲಿಂದ ಕಡಲೆ ಗಾಳಿ ಕೊಡುತ್ತಿತ್ತು. ಗಾಳಿ ಹೋಗಲಿ ಎಂದು ಕುಡಿದ ಗೋಳಿಸೋಡಾ ಇನ್ನಷ್ಟು ಗಾಳಿ ತುಂಬಿತು.

ಅತ್ತೆ ಹರಳೆಣ್ಣೆ ಬಾಟಲಿ ತಂದರು. "ಒಂದು ಚಮಚ ಸಾಕು ಮಗಾ, ನಾಳೆ ಬೆಳಿಗ್ಗೆ ಸಲೀಸು." ಬೇಡ ಎಂದೆ. ಹರಳೆಣ್ಣೆ ಕರುಳನ್ನು ಕೆರಳಿಸುವುದಲ್ಲದೆ ಗರ್ಭಕೋಶವನ್ನೂ ಹಿಂಡಿಸಬಹುದು. ಅವರಿಗೆ ಬೇಸರವಾಯಿತು, ಆದರೆ ಬಾಟಲಿ ಒಳಗೆ ಹೋಯಿತು.

ಮಾರನೇ ದಿನ ನಮ್ಮ ಡಾಕ್ಟರ್ ಮೇಡಂ ಹತ್ತಿರ ಹೇಳಿದೆ. ಅವರು ನಕ್ಕೇಬಿಟ್ಟರು. ಇಸಬ್ಗೋಲ್ ಸದ್ಯಕ್ಕೆ ನಿಲ್ಲಿಸಿ, ರಾತ್ರಿ 15 ಮಿಲಿ ಲ್ಯಾಕ್ಟುಲೋಸ್ ಸಿರಪ್ ಬರೆದರು. ಇದು ರಕ್ತಕ್ಕೆ ಸೇರುವುದು ತೀರಾ ಕಮ್ಮಿ, ಕರುಳಿನೊಳಗೇ ನೀರು ಹಿಡಿದು ಮಲವನ್ನು ಮೆತ್ತಗೆ ಮಾಡುತ್ತದೆ. ಕುಡಿದ ರಾತ್ರಿಯೇ ಕೆಲಸ ಆಗುವುದಿಲ್ಲ, ಒಂದೆರಡು ದಿನ ಕಾಯಬೇಕು. ಮೊದಲಿಗೆ ಇದರಿಂದಲೂ ಸ್ವಲ್ಪ ಗಾಳಿ ಬರುತ್ತದೆ, ಹೆದರಬೇಕಿಲ್ಲ. ಕಬ್ಬಿಣದ ಮಾತ್ರೆ ನಿಲ್ಲಿಸಲಿಲ್ಲ. ಬೇರೆ ಕಂಪೆನಿಯದ್ದಕ್ಕೆ ಬದಲಾಯಿಸಿದರು.

ಊಟವನ್ನು ಮತ್ತೆ ಮೊದಲಿನಿಂದ ಜೋಡಿಸಿದೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ಬಿಸಿನೀರು, ಆಮೇಲೆ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ. ಗಂಜಿಯಲ್ಲಿ ನಾರಿನ ಜೊತೆ ನೀರೂ ಹೋಗುತ್ತದೆ, ಅದೇ ಅದರ ಲಾಭ. ನಾಲ್ಕು ದಿನ ಬಿಟ್ಟು ಬಸಳೆ ಸೇರಿಸಿದೆ, ಇನ್ನೊಂದು ವಾರದ ಮೇಲೆ ಬಾಳೆದಿಂಡು. ಕಡಲೆಯನ್ನು ಆ ಕಡೆ ಇಟ್ಟೆ. ದೊಡ್ಡ ಊಟದ ಬದಲು ಸ್ವಲ್ಪ ಸ್ವಲ್ಪವಾಗಿ ಐದು ಸಲ ತಿಂದೆ, ಉಬ್ಬರ ಕಮ್ಮಿಯಾಗಿದ್ದು ಮುಖ್ಯವಾಗಿ ಇದರಿಂದ.

ಹೊತ್ತಿನದ್ದೂ ಒಂದು ಲೆಕ್ಕ ಇದೆ. ಹೊಟ್ಟೆಗೆ ಊಟ ಬಿದ್ದಾಗ ದೊಡ್ಡ ಕರುಳು ತಾನಾಗಿ ಒಮ್ಮೆ ತಳ್ಳುತ್ತದೆ, ಬೆಳಗಿನ ತಿಂಡಿಯ ನಂತರ ಅದು ಜೋರು. ನಾನೋ ಆ ಹೊತ್ತಿಗೆ ಸರಿಯಾಗಿ ಬಸ್ಸಿಗೆ ಓಡುತ್ತಿದ್ದೆ! ವಾರ್ಡಿನಲ್ಲಿ ಒತ್ತಡ ಬಂದರೂ ತಡೆದು ಹಿಡಿಯುತ್ತಿದ್ದೆ. ಅರ್ಧ ಗಂಟೆ ಮುಂಚೆ ಎದ್ದು, ಗಂಜಿ ಕುಡಿದು ಕಾಲು ಗಂಟೆಗೆ ಟಾಯ್ಲೆಟ್ಟಿಗೆ ಹೋಗಿ ಕೂರಲು ಶುರುಮಾಡಿದೆ. ನಮ್ಮದು ಕಮೋಡ್. ಕಾಲ ಕೆಳಗೆ ಅಡುಗೆಮನೆಯ ಹಳೇ ಮಣೆ ಇಟ್ಟು, ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ ಕೂರುತ್ತಿದ್ದೆ. ಹಾಗೆ ಕೂತರೆ ಜಾಸ್ತಿ ಮುಕ್ಕಬೇಕಾಗಿಲ್ಲ. ಬಸುರಿನಲ್ಲಿ ಪೈಲ್ಸ್ ತಾನಾಗಿಯೇ ಬರುವ ಸಾಧ್ಯತೆ ಇರುತ್ತದೆ, ಮುಕ್ಕಿ ಅದನ್ನು ಕರೆಯುವುದು ಯಾಕೆ, ಅಲ್ವಾ?

ಮೂರನೇ ದಿನ ಬೆಳಿಗ್ಗೆ ಸಲೀಸಾಯಿತು. ಎರಡು ವಾರದಲ್ಲಿ ದಿನ ಬಿಟ್ಟು ದಿನ ಆಗತೊಡಗಿತು. ದಿನಾ ಆಗಲೇಬೇಕೆಂದಿಲ್ಲ, ಮೆತ್ತಗೆ ಆದರೆ ಸಾಕು.

7ನೇ ತಿಂಗಳಲ್ಲಿ ಒಂದು ರಾತ್ರಿ ಮತ್ತೆ ಹೊಟ್ಟೆ ಹಿಡಿದುಕೊಂಡಿತು. ಗ್ಯಾಸ್ ಎಂದೇ ಅಂದುಕೊಂಡೆ. ಆದರೆ ಹೊಟ್ಟೆ ಕಲ್ಲಿನಂತೆ ಬಿಗಿದು ಸಡಿಲವಾಗುತ್ತಿತ್ತು, ಮತ್ತೆ ಬಿಗಿಯುತ್ತಿತ್ತು. ಗಡಿಯಾರ ನೋಡಿದರೆ ಹತ್ತು ನಿಮಿಷಕ್ಕೊಮ್ಮೆ. ಗ್ಯಾಸ್ ಹಾಗೆ ಲೆಕ್ಕ ಹಾಕಿ ಬರುವುದಿಲ್ಲ. ಗರ್ಭಕೋಶ ಹೊತ್ತಿಗೆ ಮೊದಲೇ ಹಿಂಡಿಕೊಳ್ಳುತ್ತಿರಬಹುದು ಎಂದು ಆಗಲೇ ಆಸ್ಪತ್ರೆಗೆ ಹೋದೆ. ಒಂದು ರಾತ್ರಿ ನೋಡಿಕೊಂಡರು, ಬೆಳಗಾಗುವಷ್ಟರಲ್ಲಿ ನಿಂತಿತು. ವಾರ್ಡಿನಲ್ಲಿ ಈಗ ಯಾರಾದರೂ "ಸಿಸ್ಟರ್, ಗ್ಯಾಸ್" ಎಂದರೆ ಮೊದಲು ಹೊಟ್ಟೆಯ ಮೇಲೆ ಕೈ ಇಟ್ಟು ಗಡಿಯಾರ ನೋಡುತ್ತೇನೆ. ವಾಂತಿ ಇದೆಯಾ, ಗಾಳಿಯೂ ಹೋಗದೆ ನಿಂತಿದೆಯಾ, ರಕ್ತ ಬಿದ್ದಿದೆಯಾ ಎಂದು ಕೇಳುತ್ತೇನೆ. ಸೊಪ್ಪಿನ ಮಾತು ಆಮೇಲೆ.