ಜೆನೆರಿಕ್ ಮೆಡಿಕಲ್‌ಗೆ ಹೆಸರಿಡುವವರಿಗೆ

ಪುಣೆ, ಮುಂಬೈ ಕಡೆ ಜೆನೆರಿಕ್ ಮೆಡಿಕಲ್ ತೆರೆಯುವವರು ಹೆಸರಿನಲ್ಲಿ ಅಗ್ಗ ಎಂಬರ್ಥದ ‘ಸ್ವಸ್ತ’, ‘ಸಸ್ತಾ’ ಅಥವಾ ‘ಡಿಸ್ಕೌಂಟ್’ ಸೇರಿಸಬೇಡಿ. ‘ಶಾರದಾ ಜೆನೆರಿಕ್ ಮೆಡಿಕಲ್’ ಎಂಬಂತೆ ಮನೆಮಾತಿನ ಹೆಸರೊಂದಕ್ಕೆ ‘ಜೆನೆರಿಕ್’ ಜೋಡಿಸಿ. ಕೆಳಗೆ ಸಣ್ಣ ಸಾಲು: ‘ಅದೇ ಸಾಲ್ಟ್, ಕಡಿಮೆ ಬೆಲೆ’. ಸಾಲ್ಟ್ ಅಂದರೆ ಮಾತ್ರೆಯಲ್ಲಿರುವ ಮೂಲ ಔಷಧ. ಬೆಲೆ ಕಡಿಮೆಯೆಂದು ‘ಜೆನೆರಿಕ್’ ಪದವೇ ಹೇಳುತ್ತದೆ. ‘ಸ್ವಸ್ತ’ ಅಂದರೆ ಇಲ್ಲಿ ರೇಷನ್ ಅಂಗಡಿ ನೆನಪಾಗುತ್ತದೆ, ಮೇಲಾಗಿ ಬಿಪಿ ಮಾತ್ರೆಯಲ್ಲಿ ಅಗ್ಗ ಎಂದರೆ ಜನ ನಕಲಿ ಇರಬಹುದೆಂದು ಹಿಂಜರಿಯುತ್ತಾರೆ. ಮಹಾರಾಷ್ಟ್ರದಲ್ಲಿ ಬೋರ್ಡ್ ಮೇಲೆ ಮರಾಠಿ ದೇವನಾಗರಿ ಕಡ್ಡಾಯ, ಹಾಗಾಗಿ ಹೆಸರನ್ನು ಮೊದಲು ಆ ಲಿಪಿಯಲ್ಲೇ ಬರೆದು ಓದಿಸಿ ನೋಡಿ. ‘ಜನೌಷಧಿ’ ಸರ್ಕಾರಿ ಯೋಜನೆಯ ಹೆಸರು. ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಅದರ ಹತ್ತಿರಕ್ಕೂ ಹೋಗಬೇಡಿ. ಕಪಾಟಿನಲ್ಲಿ ಮುಕ್ಕಾಲು ಪಾಲು ಬ್ರ್ಯಾಂಡ್ ಮಾಲೇ ಇದ್ದರೆ ಮಾತ್ರ ಈ ಉಪಾಯ ತಿರುಗುಬಾಣ: ‘ಜೆನೆರಿಕ್’ ನೋಡಿ ಬಂದವರು ಪೂರ್ತಿ ಎಂಆರ್‌ಪಿ ಬಿಲ್ ಕಂಡು ಮತ್ತೆ ಬರುವುದಿಲ್ಲ.